ಅವ್ವನ ಪಕ್ಕದ ಡ್ಯೂಟಿ

ಎಪ್ಪತ್ತೆಂಟರ ಜೂನ್. ತುಮಕೂರಿನ ಆಸ್ಪತ್ರೆಯೊಂದರ ಕಾಲರಾ ವಾರ್ಡಿನೊಳಗೆ ಮಗಳಿಗೆ ಜಾಗವಿಲ್ಲ, ನರ್ಸಿಗುಂಟು. ಗುಬ್ಬಿಯಿಂದ ಬಂದು ಮಲಗಿದ್ದ ಅವ್ವನ ಪಕ್ಕ ಕೂರಬೇಕಾದರೆ ಅಲ್ಲಿನ ನರ್ಸ್ ದಾಕ್ಷಾಯಣಿಗೂ ಡ್ಯೂಟಿಯೇ ಬೇಕಿತ್ತು.

“ಕಮಲಾ, ಇವತ್ತು ಬುಧವಾರ ಹದಿನಾಲ್ಕು, ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗಿನ ನಿನ್ನ ಡ್ಯೂಟಿ ನಂಗೆ ಕೊಡೇ. ನಾಳೆ ಹದಿನೈದು, ಅದೇ ಎರಡರಿಂದ ಎಂಟು, ನಂದು ನೀನು ಮಾಡು.”

“ಆಗ್ಲಿ ಕಣೇ.”

ಮೇಟ್ರನ್ ಕೂಡ ಒಪ್ಪಿದರು. ಆದರೆ ಎರಡೂವರೆಗೆ ಹಳ್ಳಿಯೊಂದರ ಅರ್ಧ ಕೇರಿಯೇ ಬಂದು ಬಿತ್ತು. ಒಬ್ಬರ ಸಲೈನ್ ಬಾಟಲಿ ಬದಲಿಸುವಷ್ಟರಲ್ಲಿ ಇನ್ನೊಬ್ಬರದು ಮುಗಿಯುತ್ತಿತ್ತು. ಅವ್ವ ಎರಡು ಸಲ ಕೈಸನ್ನೆ ಮಾಡಿ ಕರೆದಳು. “ಬಂದೆ ಇರವ್ವ,” ಎಂದಳು ದಾಕ್ಷಾಯಣಿ. ಬಂದಾಗ ಆ ಕೈ ತಣ್ಣಗಾಗಿತ್ತು.

ಸುದ್ದಿ ತಿಳಿದು ಕಮಲ ಓಡಿಬಂದಳು. “ಕೊನೇಲಿ ಪಕ್ಕದಲ್ಲಿದ್ದೆ ತಾನೇ?”

“ಇಲ್ಲ ಕಣೇ,” ಎಂದಳು ದಾಕ್ಷಾಯಣಿ. “ನಿನ್ನ ಡ್ಯೂಟಿ ಮಾಡ್ತಿದ್ದೆ.”