ತಲೆ ಕಡಿಯದ ಕತ್ತರಿ

ನಮ್ಮ ಸೋದರಮಾವನಿಗೆ ಇಡೀ ಬೀದಿಯಲ್ಲಿ ಕತ್ತರಿ ಮಾವ ಎಂದೇ ಹೆಸರು. ದರ್ಜಿಯಲ್ಲ, ಫೋಟೋ ಸ್ಟುಡಿಯೋದವನು. ಪ್ರಿಂಟ್ ಹಾಕುತ್ತಿದ್ದ ಕಾಲದಲ್ಲಿ ಫೋಟೋದ ಅಂಚನ್ನು ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದ. ಸ್ಕೇಲು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಆಚೀಚೆ ಇರುತ್ತಿರಲಿಲ್ಲ. ಈಗ ಕಂಪ್ಯೂಟರ್ ಮುಂದೆ ಕೂತು ಸಮಾರಂಭಗಳಿಗೆ ಫೋಟೋ ಜೋಡಿಸಿ ವಿಡಿಯೋ ಮಾಡುತ್ತಾನೆ, ನಾನು ಕೌಂಟರ್ ನೋಡಿಕೊಳ್ಳುತ್ತೇನೆ. ಅವನಿಗೆ ಕಸುಬು ಕಲಿಸಿದ ಮುದುಕ ಹೇಳಿಕೊಟ್ಟದ್ದು ಒಂದೇ ಮಾತಂತೆ: "ಏನಾದ್ರೂ ಕಡಿ, ತಲೆ ಕಡೀಬೇಡ." ಆ ಮಾತನ್ನು ಮಾವ ನನಗೆ ಸಾವಿರ ಸಲ ಒಪ್ಪಿಸಿದ್ದಾನೆ.

ಅವನಿಗೆ ಕೋಪ ಬರಿಸಲು ಒಂದು ಫೋನು ಸಾಕು. ಜನ ಫೋನನ್ನು ಉದ್ದಕ್ಕೆ ಹಿಡಿದೇ ಫೋಟೋ ತೆಗೆಯುತ್ತಾರೆ, ಪರದೆಯೋ ಅಡ್ಡಕ್ಕೆ ಇರುತ್ತದೆ. ಹಾಗೇ ಹಾಕಿದರೆ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ. ಅದನ್ನು ತುಂಬಿಸಲು ಮಿಕ್ಕವರು ಅದೇ ಫೋಟೋವನ್ನು ದೊಡ್ಡದು ಮಾಡಿ, ಮಸುಕು ಮಾಡಿ ಹಿಂದೆ ಹಾಸುತ್ತಾರೆ. ಮುಂದೆ ಇಡೀ ಫೋಟೋ ನಿಲ್ಲುತ್ತದೆ. ಮಾವನಿಗೆ ಅದು ಕೈಲಾಗದವರ ಕೆಲಸ. "ಮುಂದೆಯೂ ಅದೇ, ಹಿಂದೆಯೂ ಅದೇ. ಉಂಡ ತಟ್ಟೇಲೇ ಮತ್ತೆ ಬಡಿಸಿದ ಹಾಗೆ," ಎನ್ನುತ್ತಿದ್ದ. ಅವನ ಹೆಮ್ಮೆಯೆಲ್ಲ ಕತ್ತರಿಸುವುದರಲ್ಲಿ, ಪರದೆ ತುಂಬ ಮುಖ ಕಾಣುವಂತೆ ಮಾಡುವುದರಲ್ಲಿ.

ಒಬ್ಬ ಬಸ್ ಡ್ರೈವರ್ ನಿವೃತ್ತರಾಗುವವರಿದ್ದರು. ಅವರಿಗೆ ಗೊತ್ತಾಗದ ಹಾಗೆ ವಿಡಿಯೋ ಮಾಡಿಸಲು ಬಂದವಳು ಅವರ ಮಗಳು. ಅವಳು ಗಾಲಿಕುರ್ಚಿಯಲ್ಲಿ ಓಡಾಡುವವಳು. ನಮ್ಮ ಅಂಗಡಿಗೆ ಮೂರು ಮೆಟ್ಟಿಲು, ಹಾಗಾಗಿ ಮಾವನೇ ರಸ್ತೆಗೆ ಇಳಿದು ಮಾತಾಡಿದ. ಅಪ್ಪನ ಸಹೋದ್ಯೋಗಿಗಳ ಫೋನುಗಳಿಂದೆಲ್ಲ ಬೇಡಿ ತಂದ ಅರವತ್ತೆರಡು ಫೋಟೋಗಳನ್ನು, ಇಸವಿ ಪ್ರಕಾರ ಜೋಡಿಸಿ ಕೊಟ್ಟಳು.

"ಕಪ್ಪು ಪಟ್ಟಿ ಬೇಡ ಅಂಕಲ್. ಬೇಕಾದ್ರೆ ಹಿಂದುಗಡೆ ಮಸುಕು ಮಾಡಿ ಹಾಕ್ತಾರಲ್ಲ, ಹಾಗೆ ಮಾಡಿ."

"ಅದೆಲ್ಲ ಯಾಕಮ್ಮ, ಪರದೆ ತುಂಬ ಮಾಡ್ಕೊಡ್ತೀನಿ, ನೋಡ್ತಿರು," ಎಂದ ಮಾವ.

ಆ ವಾರ ಕೆಲಸ ತಲೆಯ ಮೇಲಿತ್ತು. ನಮ್ಮ ಸಾಫ್ಟ್‌ವೇರಿನಲ್ಲಿ ತಾನೇ ಮುಖ ಹುಡುಕಿ ಕತ್ತರಿಸುವ ಸೌಕರ್ಯವಿದೆ. ಮಾವ ಅರವತ್ತೆರಡನ್ನೂ ಒಟ್ಟಿಗೆ ಆರಿಸಿ ಗುಂಡಿ ಒತ್ತಿದ. ಉದ್ದದ ಫೋಟೋವನ್ನು ಅಡ್ಡ ಪರದೆಗೆ ಹೀಗೆ ತುಂಬಿಸಿದರೆ ಎತ್ತರದಲ್ಲಿ ಅರ್ಧವೂ ಉಳಿಯುವುದಿಲ್ಲ, ಹತ್ತರಲ್ಲಿ ನಾಲ್ಕು ಪಾಲು ಅಷ್ಟೆ. ಎಲ್ಲಿ ಹೆಚ್ಚು ಮುಖಗಳು, ದೊಡ್ಡ ಮುಖಗಳು ಇವೆಯೋ ಆ ಪಟ್ಟಿಯನ್ನು ಯಂತ್ರ ಉಳಿಸಿಕೊಳ್ಳುತ್ತದೆ. ಆಮೇಲೆ ಮಾವ ತನ್ನ ಪದ್ಧತಿಯಂತೆ ಒಂದೊಂದನ್ನೂ ಪರೀಕ್ಷಿಸಿದ. ಎಲ್ಲೂ ಒಂದು ತಲೆಯೂ ಕಡಿದಿರಲಿಲ್ಲ. ಪಕ್ಕದಲ್ಲಿ ನಿಂತು ನಾನೂ ನೋಡಿದೆ, ನನಗೂ ಏನೂ ಕೊರತೆ ಕಾಣಲಿಲ್ಲ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮುಖ ಎತ್ತಲಾಗುವುದಿಲ್ಲ.

ಸಮಾರಂಭ ಬಸ್ ಡಿಪೋದ ಸಭಾಂಗಣದಲ್ಲಿ. ಪ್ರೊಜೆಕ್ಟರ್ ನಮ್ಮದೇ. ಒಂದೊಂದು ಫೋಟೋಗೂ ಚಪ್ಪಾಳೆ. ಮಾವ ಎದೆಯುಬ್ಬಿಸಿ ನಿಂತಿದ್ದ. ಹತ್ತು ಹನ್ನೆರಡು ಫೋಟೋ ದಾಟಿದ ಮೇಲೆ ನಾನು ಮೊದಲ ಸಾಲಿನ ತುದಿಯಲ್ಲಿದ್ದ ಆ ಹುಡುಗಿಯನ್ನು ನೋಡಿದೆ. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಆಗ ಹೊಳೆಯಿತು. ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋದಲ್ಲಿ ಕುರ್ಚಿಯಲ್ಲಿದ್ದವಳ ಮುಖ ಅವರ ಸೊಂಟದ ಮಟ್ಟದಲ್ಲಿ. ಯಂತ್ರ ಮೇಲಿನ ಮುಖಗಳನ್ನು ಹಿಡಿದು ಕೆಳಗಿನದನ್ನು ಇಡಿಯಾಗಿ ಬಿಟ್ಟಿತ್ತು. ಅರ್ಧ ತಲೆ ಕಡಿದಿದ್ದರೆ ಮಾವನ ಕಣ್ಣಿಗೆ ಬೀಳುತ್ತಿತ್ತು. ತಲೆಯೇ ಇಲ್ಲದ ಕಡೆ ಅವನು ಏನನ್ನು ನೋಡಿಯಾನು?

ಅರವತ್ತೆರಡರಲ್ಲಿ ಅವಳು ಕಂಡದ್ದು ಮೊದಲಿಗೇ ಬಂದುಹೋದ ಒಂದೇ ಒಂದರಲ್ಲಿ. ಆಗ ಏಳೆಂಟು ವರ್ಷದವಳು, ಅಪ್ಪ ಎತ್ತಿಕೊಂಡಿದ್ದರು.

ಡ್ರೈವರ್ ಮೈಕ್ ಹಿಡಿದರು. "ಇದೆಲ್ಲ ಮಾಡಿಸಿದ್ದು ನನ್ನ ಮಗಳು. ಎಲ್ಲರನ್ನೂ ಹಾಕಿದಾಳೆ, ತನ್ನ ಕುರ್ಚಿ ಮಾತ್ರ ಎಲ್ಲೂ ಕಾಣಬಾರದು ಅಂತ ಮಾಡಿದಾಳೆ. ನಾಚಿಕೆ ಅವಳಿಗೆ. ನಾಚಿಕೆ ಯಾಕೆ ಮರಿ? ನಮ್ಮ ಡಿಪೋದಲ್ಲಿ ಯಾರಾದ್ರೂ ಏನಾದ್ರೂ ಅಂದಿದಾರಾ?"

ಇನ್ನೂರು ಜನ ಅಯ್ಯೋ ಪಾಪ ಎಂದು ಅವಳ ಕಡೆ ತಿರುಗಿದರು. ಅವಳು ಮಾವನ ಕಡೆ ತಿರುಗಿದಳು. ಮಾವ ಬಗ್ಗಿ ಪ್ರೊಜೆಕ್ಟರಿನ ವೈರು ಸುತ್ತತೊಡಗಿದ. ವೈರು ಸುತ್ತುವ ಅವಸರವೇನೂ ಇರಲಿಲ್ಲ.

ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ಆ ಒಂದು ನಿಮಿಷದ ಮೌನಕ್ಕೆ ನಾನು ಮಾವನನ್ನು ಕ್ಷಮಿಸಲಿಲ್ಲ, ಅವನೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಎರಡು ದಿನ ಅಂಗಡಿಯಲ್ಲಿ ಅನ್ನ ಬಿಟ್ಟ ಬೆಕ್ಕಿನ ಹಾಗೆ ಮೂಲೆ ಹಿಡಿದು ಕೂತಿದ್ದ. ಮೂರನೇ ದಿನ ಅವಳು ಫೋನ್ ಮಾಡಿದಳು.

"ಅಂಕಲ್, ಅಪ್ಪ ಮೂರು ದಿನದಿಂದ ನನಗೆ ಧೈರ್ಯ ಹೇಳ್ತಿದಾರೆ. ಕಂಪ್ಯೂಟರ್ ಕಡಿದಿದ್ದು ಅಂದ್ರೆ ನಂಬಲ್ಲ. ನಿಮ್ಮ ಮೇಲೆ ಹೊರಿಸ್ತಿದೀನಿ ಅಂತಾರೆ. ನೀವೇ ಬಂದು ಹೇಳಿಬಿಡಿ."

ಮಾವ ಆ ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮೂಲ ಫೋಟೋದಲ್ಲಿ ಎಷ್ಟು ಜನ, ಪರದೆಯಲ್ಲಿ ಎಷ್ಟು ಜನ ಎಂದು ಬೆರಳಿಟ್ಟು ಎಣಿಸಿದ. ಹತ್ತೊಂಬತ್ತರಲ್ಲಿ ಲೆಕ್ಕ ಒಂದು ಕಡಿಮೆ ಬಂತು. ಆ ಹತ್ತೊಂಬತ್ತಕ್ಕೂ, ತಾನು ಇಷ್ಟು ವರ್ಷ ಬೈದ ಮಸುಕನ್ನೇ ಹಿಂದೆ ಹಾಸಿದ. ಕಣ್ಣಿಗೆ ಹೊಡೆಯದಂತೆ ಸ್ವಲ್ಪ ಕತ್ತಲೆಯನ್ನೂ ಬೆರೆಸಿದ. ಮುಂದೆ ತಲೆಯಿಂದ ಗಾಲಿಯವರೆಗೆ ಇಡೀ ಫೋಟೋ. ಸಂಜೆ ಲ್ಯಾಪ್‌ಟಾಪ್ ಹಿಡಿದು ಇಬ್ಬರೂ ಅವರ ಮನೆಗೆ ಹೋದೆವು.

"ಅಣ್ಣ, ಅವಳು ತೆಗೆದಿದ್ದಲ್ಲ. ನಾನು," ಎಂದ ಮಾವ, ಕೂರುವ ಮೊದಲೇ. "ಅವತ್ತು ನೀವು ಮೈಕಲ್ಲಿ ಹೇಳಿದಾಗಲೇ ಎದ್ದು ಹೇಳ್ಬೇಕಿತ್ತು. ಹೇಳಲಿಲ್ಲ."

ಡ್ರೈವರ್ ನಂಬಲಿಲ್ಲ. "ಅವಳ ಮರ್ಯಾದೆ ಉಳಿಸೋಕೆ ಹೇಳ್ತಿದೀರಿ."

ಮಾವ ನೆಲದ ಮೇಲೆ ಕೂತು ಒಂದು ಫೋಟೋ ತೆರೆದ. ಬಸ್ಸಿನ ಮುಂದೆ ನಾಲ್ವರು ನಿಂತಿದ್ದಾರೆ, ಮುಂದೆ ಕುರ್ಚಿಯಲ್ಲಿ ಇವಳು, ಹಲ್ಲು ಕಾಣುವಂತೆ ನಗುತ್ತಿದ್ದಾಳೆ, ಒಂದು ಕೈ ಗಾಲಿಯ ಮೇಲೆ. ಗುಂಡಿ ಒತ್ತಿದ. ಅಡ್ಡ ಚೌಕಟ್ಟೊಂದು ಬಂದು ನಾಲ್ಕು ತಲೆಗಳ ಮೇಲೆ ಕೂತಿತು, ಕೆಳಗಿನದೆಲ್ಲ ಕಪ್ಪಾಯಿತು. ಮತ್ತೊಂದು ತೆರೆದ, ಅಲ್ಲೂ ಅದೇ. ಐದನೆಯದಕ್ಕೆ ಡ್ರೈವರ್ ಕೈ ಎತ್ತಿ ಸಾಕು ಎಂದರು.

"ಇದರಲ್ಲಿ ಎಲ್ಲದರಲ್ಲೂ ನಗ್ತಿದಾಳೆ," ಎಂದರು. "ಯಂತ್ರ ಕಡೀತು, ನೀವು ನೋಡಲಿಲ್ಲ. ಸರಿ. ಆದ್ರೆ ಇವಳು ಕಾಣದೆ ಹೋದ ತಕ್ಷಣ, ಕುರ್ಚಿ ಅಂದ್ರೆ ಇವಳಿಗೆ ನಾಚಿಕೆ ಅಂತ ನನಗೆ ಹೇಗೆ ಹೊಳೀತು? ಇವಳು ಯಾವತ್ತೂ ಹಾಗೆ ಅಂದವಳಲ್ಲ. ಆ ನಾಚಿಕೆ ಯಾರದು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಡ್ರೈವರ್ ತಲೆ ತಗ್ಗಿಸಿದರು. ಮಾವ ಆಗಲೇ ತಗ್ಗಿಸಿದ್ದ. ಹುಡುಗಿ ಕುರ್ಚಿಯನ್ನು ಅವರಿಬ್ಬರ ನಡುವೆ ತಂದು ನಿಲ್ಲಿಸಿ, ಲ್ಯಾಪ್‌ಟಾಪನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

"ಇಬ್ಬರೂ ಹೀಗೆ ತಲೆ ತಗ್ಗಿಸಿ ಕೂತ್ರೆ ವಿಡಿಯೋ ಯಾರು ನೋಡ್ತಾರೆ? ಇಲ್ಲಿ ನೋಡಿ, ನಾನಿದೀನಿ."