ಇಬ್ಬರಿಗೂ ಒಂದೇ ಮೆಸೇಜ್

ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಹರಿಹರದಿಂದ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗೆ ಮೆಸೇಜ್ ಕಳಿಸಿ ರೆಫರಲ್, ಅಂದರೆ ಅವರ ಕಂಪನಿಗೆ ನನ್ನ ಹೆಸರಿನ ಶಿಫಾರಸು, ಕೇಳುತ್ತಿದ್ದೆ. ಒಂದೇ ಕಂಪನಿಯಲ್ಲಿ ಇಬ್ಬರು ಸೀನಿಯರ್‌ಗಳು ಸಿಕ್ಕರು, ಒಬ್ಬರು ಅಕ್ಕ, ಇನ್ನೊಬ್ಬರು ಅಣ್ಣ. 'ಅಲ್ಲಿ ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಗೊತ್ತಿಲ್ಲ' ಎಂದು ಇಬ್ಬರಿಗೂ ಬರೆದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಅಣ್ಣ ನನಗೊಂದು ಮಾತೂ ತಿಳಿಸದೆ ಕಂಪನಿಯ ಪೋರ್ಟಲ್‌ನಲ್ಲಿ ರೆಫರ್ ಮಾಡಿಬಿಟ್ಟಿದ್ದರು. ಅಕ್ಕ ಫೋನ್ ಮಾಡಿ, ಒಂದು ಭಾನುವಾರವಿಡೀ ನನ್ನ ರೆಸ್ಯೂಮೆಯನ್ನು ಸಾಲು ಸಾಲಾಗಿ ತಿದ್ದಿಸಿದರು. ಮರುದಿನ ಅವರು ರೆಫರ್ ಮಾಡಲು ಹೋದರೆ, ಈ ಅಭ್ಯರ್ಥಿಯನ್ನು ಈಗಾಗಲೇ ಬೇರೊಬ್ಬರು ರೆಫರ್ ಮಾಡಿದ್ದಾರೆ ಎಂದು ಪೋರ್ಟಲ್ ಹೇಳಿತಂತೆ.

ಅಕ್ಕನ ಫೋನ್ ಬಂದಾಗ ದಾವಣಗೆರೆಯ ಪಿ.ಜೆ. ಬಡಾವಣೆಯ ಹೋಟೆಲೊಂದರಲ್ಲಿ ದೋಸೆ ತಿನ್ನುತ್ತಿದ್ದೆ.

"ನಾನೂ ನಿನ್ನ ಆ ಅಣ್ಣನೂ ದಿನಾ ಒಟ್ಟಿಗೆ ಊಟಕ್ಕೆ ಕೂಡ್ರ್ತೀವಪ್ಪ. ನಿನ್ನ ಮೆಸೇಜ್ ತೋರಿಸ್ದೆ. ಅವ್ರೂ ಫೋನ್ ತೆಗ್ದು ಅದನ್ನೇ ತೋರಿಸಿದ್ರು. ಇಬ್ರನ್ನೂ ಕೇಳಬ್ಯಾಡ ಅಂತಲ್ಲ. ಯಾರೂ ಗೊತ್ತಿಲ್ಲ ಅಂತ ಯಾಕ ಬರ್ದೆ?"

ಅವರು ಬೈಯದೆ ಫೋನ್ ಇಟ್ಟರು.

ತಟ್ಟೆ ಪಕ್ಕಕ್ಕೆ ಸರಿಸಿ, ತಪ್ಪಾಯಿತೆಂದು ಅಕ್ಕನಿಗೆ ಉದ್ದಕ್ಕೆ ಬರೆದೆ. ಆಮೇಲೆ 'ಅಕ್ಕ' ಎಂದಿದ್ದನ್ನು 'ಅಣ್ಣ' ಎಂದು ತಿದ್ದಿ, ಅದನ್ನೇ ಅವರಿಗೂ ಕಳಿಸಿದೆ.