ಜೂನ್ ಒಂದರಂದು ಹುಟ್ಟಿದವರು

ನಾನೂ ನನ್ನ ಗೆಳೆಯನೂ ದಾಖಲೆಯ ಪ್ರಕಾರ ಒಂದೇ ದಿನ ಹುಟ್ಟಿದವರು. ಜೂನ್ ಒಂದು. ನಮ್ಮ ಶಾಲೆಯ ಮೇಷ್ಟ್ರು ದಾಖಲಾತಿಯ ಹೊತ್ತಿಗೆ ಮಕ್ಕಳ ಹಲ್ಲು, ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡುತ್ತಿದ್ದರು. ದಿನ ಮಾತ್ರ ಎಲ್ಲರಿಗೂ ಒಂದೇ. ನಮ್ಮ ತರಗತಿಯ ಅರ್ಧ ಜನ ಅದೇ ದಿನ ಹುಟ್ಟಿದ್ದೆವು. ಗೆಳೆಯನ ಅವ್ವ ಹೇಳುವುದು ಬೇರೆ: ಅವನು ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ, ಮನೆ ಮುಂದಿನ ಕಣದಲ್ಲಿ ಭತ್ತದ ಹುಲ್ಲು ಒಟ್ಟಿದ್ದಾಗ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಲ್ಲಿನ ಬಣವೆಗೆ ಜಾಗವಿಲ್ಲ. ನೇಮಕಾತಿಯವರು ನೋಡುವುದು ಅಂಕಪಟ್ಟಿಯನ್ನು.

ಹುಟ್ಟಿದ ದಿನ ಒಂದೇ ಆದರೂ ಸರ್ಕಾರಿ ಕೆಲಸಕ್ಕೆ ನಮ್ಮ ವಯಸ್ಸಿನ ಬೇಲಿ ಬೇರೆ ಬೇರೆ. ನಾನು ಸಾಮಾನ್ಯ ವರ್ಗ, ಮೂವತ್ತೈದರವರೆಗೆ. ಅವನು ಹಿಂದುಳಿದ ವರ್ಗದ ಎರಡು-ಎ, ಮೂವತ್ತೆಂಟು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ ಒಂದರವರಿಗೆ ನಲವತ್ತು. ಸಡಿಲಿಕೆ ಎಂದರೆ ಯಾರ ವಯಸ್ಸಿನಿಂದಲೂ ವರ್ಷ ಕಳೆಯುವುದಿಲ್ಲ, ಬೇಲಿಯನ್ನೇ ಅಷ್ಟು ದೂರಕ್ಕೆ ಸರಿಸುತ್ತಾರೆ. ವಯಸ್ಸು ಅಳೆಯುವುದು ಪರೀಕ್ಷೆ ಬರೆದ ದಿನಕ್ಕಲ್ಲ, ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ. ಇಷ್ಟನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಉಳಿದ ಎಷ್ಟೋ ವಿಷಯ ನನಗೆ ಸರಿಯಾಗಿ ನೆನಪಿಲ್ಲ ಎಂಬುದು ಈ ಘಟನೆಯ ನಂತರ ಗೊತ್ತಾಯಿತು.

ಪ್ರಥಮ ದರ್ಜೆ ಸಹಾಯಕರ ಹುದ್ದೆಗಳಿಗೆ ಅಧಿಸೂಚನೆ ಬಂದಾಗ ಕೊನೆಯ ದಿನಾಂಕ ನವೆಂಬರಿನಲ್ಲಿತ್ತು. ಲೆಕ್ಕ ಹಾಕಿದರೆ ಇಬ್ಬರಿಗೂ ಮೂವತ್ತೇಳು ವರ್ಷ, ಐದು ತಿಂಗಳು, ಮೇಲೆ ಒಂದಿಷ್ಟು ದಿನ. ನನ್ನ ಬಾಗಿಲು ಎರಡು ವರ್ಷದ ಹಿಂದೆಯೇ ಮುಚ್ಚಿತ್ತು. ಹಿಂದೊಮ್ಮೆ ಸರ್ಕಾರ ಎಲ್ಲರಿಗೂ ಕೆಲವು ವರ್ಷ ಹೆಚ್ಚು ಕೊಟ್ಟಿತ್ತು. ಅದು ಒಂದು ಬಾರಿಗೆ ಮಾತ್ರ, ಈ ಅಧಿಸೂಚನೆಗೆ ಅನ್ವಯವಿರಲಿಲ್ಲ. ಸರ್ಕಾರಿ ಹುದ್ದೆಯಲ್ಲಿ ಇದ್ದವರಿಗೆ, ಸೇವೆ ಮಾಡಿದ ವರ್ಷಗಳಷ್ಟು, ಹೆಚ್ಚೆಂದರೆ ಹತ್ತು ವರ್ಷ, ಮಿತಿ ಏರುತ್ತದೆ ಎಂದು ನಿಯಮದಲ್ಲಿ ಓದಿ ನನಗೆ ಆಸೆ ಹುಟ್ಟಿತ್ತು. ನಾನು ಸಾಗರದ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕ. ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯವರು ತಾಳ್ಮೆಯಿಂದ ಹೇಳಿದರು: "ಸರ್, ಅತಿಥಿ ಅಂದ್ರೆ ಗೌರವಧನ. ನೀವು ಹುದ್ದೆ ಮೇಲೆ ಇಲ್ಲ."

ಗೆಳೆಯನಿಗೆ ಹೇಳಿದಾಗ ಅವನು ಬಹಳ ಹೊತ್ತು ನಕ್ಕ. "ಅತಿಥಿಗೆ ಕಾಫಿ ಉಂಟು, ಕುರ್ಚಿ ಇಲ್ಲ ಅಂತಾಯ್ತು ಮಾರಾಯ."

ನಾನೂ ನಕ್ಕೆ ಎಂದು ನೆನಪು. ನಕ್ಕೆನೋ ಇಲ್ಲವೋ.

ಗೆಳೆಯನ ಮನೆ ಹೊಸನಗರ ತಾಲ್ಲೂಕಿನಲ್ಲಿ, ಕೆಲಸ ತೀರ್ಥಹಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ಪೈಪು, ಮೊಳೆ, ಮೋಟಾರು ಮಾರುತ್ತ ಮಧ್ಯೆ ಓದಿಕೊಂಡವನು. ಮುಂದಿನ ಜೂನ್ ಒಂದಕ್ಕೆ ಅವನಿಗೂ ಮೂವತ್ತೆಂಟು ತುಂಬುತ್ತಿತ್ತು. ಅಂಥ ಅಧಿಸೂಚನೆ ಅಷ್ಟರೊಳಗೆ ಇನ್ನೊಂದು ಬರುವ ಲಕ್ಷಣವಿರಲಿಲ್ಲ. ಇದೇ ಕೊನೆಯದು. ಅರ್ಜಿ ತುಂಬಿಸಲು ಅವನು ಸಾಗರಕ್ಕೆ ಬಂದ. ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಅವನು ಕಾಗದ ಓದುತ್ತ ಹೋದ, ನಾನು ಟೈಪ್ ಮಾಡಿದೆ. ಇಷ್ಟು ಖಚಿತ.

ಪರೀಕ್ಷೆಯಾಯಿತು, ಪಟ್ಟಿ ಬಂತು, ಅವನ ಹೆಸರಿತ್ತು. ಅರ್ಜಿ ಹಾಕಿ ಒಂದೂವರೆ ವರ್ಷದ ಹತ್ತಿರ ಆಗಿತ್ತು. ಮೂಲ ದಾಖಲೆಗಳೊಂದಿಗೆ ಬೆಂಗಳೂರಿಗೆ ಬರಬೇಕೆಂದು ಕರೆ ಬಂದ ಮರುದಿನವೇ ಅವನ ಫೋನ್.

"ಜಾತಿ ಸರ್ಟಿಫಿಕೇಟ್ ಸಿಕ್ತಿಲ್ಲ ಕಣಾ. ಫೈಲಲ್ಲಿ ಇರೋದು ರೈಲ್ವೆಗೆ ಅಂತ ಮಾಡ್ಸಿದ್ದು."

ಅದು ಕೇಂದ್ರದ ಹಿಂದುಳಿದ ವರ್ಗಗಳ ಪ್ರಮಾಣಪತ್ರ. ಕೇಂದ್ರದ ಹುದ್ದೆಗಳಿಗೆ ಅದರಿಂದ ಮೂರು ವರ್ಷ ಸಿಗುತ್ತದೆ, ನಮ್ಮ ರಾಜ್ಯದ ಹುದ್ದೆಗಳಿಗೆ ಅದು ನಡೆಯುವುದಿಲ್ಲ. ಇಲ್ಲಿ ಕೇಳುವುದು ತಹಶೀಲ್ದಾರರು ಕೊಡುವ ನಮೂನೆ-ಎಫ್, ಕೆನೆಪದರಕ್ಕೆ ಸೇರಿಲ್ಲ ಎಂಬ ದೃಢೀಕರಣದೊಂದಿಗೆ. ಅದಿಲ್ಲದಿದ್ದರೆ ಅವನನ್ನು ಸಾಮಾನ್ಯ ವರ್ಗವೆಂದು ಪರಿಗಣಿಸುತ್ತಾರೆ. ಅಂಕ ಸಾಕಷ್ಟಿತ್ತು, ಸಾಮಾನ್ಯದಲ್ಲೂ ಪೈಪೋಟಿ ಕೊಡಬಹುದಿತ್ತು. ಆದರೆ ಸಾಮಾನ್ಯ ವರ್ಗಕ್ಕೆ ಬಂದ ಕ್ಷಣ ಅವನ ಬೇಲಿ ಮೂವತ್ತೈದಕ್ಕೆ ಹಿಂದೆ ಸರಿಯುತ್ತದೆ. ಮೂವತ್ತೇಳರವನು ಅರ್ಜಿ ಹಾಕಲೂ ಅರ್ಹನಲ್ಲ. ಮೀಸಲಾತಿ ಮಾತ್ರವಲ್ಲ, ಪರೀಕ್ಷೆಯೇ ಹೋಗುತ್ತದೆ.

ಮರುದಿನ ತೀರ್ಥಹಳ್ಳಿಗೆ ಹೋದೆ. ಅಂಗಡಿಯ ಹಿಂಭಾಗದಲ್ಲಿ ಪಿವಿಸಿ ಪೈಪುಗಳ ಮೇಲೆ ಅವನು ಅರ್ಜಿಯ ಪ್ರಿಂಟ್ ಹರಡಿಕೊಂಡು ಕೂತಿದ್ದ. ಅರ್ಜಿಯಲ್ಲಿ ಪ್ರಮಾಣಪತ್ರದ ಸಂಖ್ಯೆ ಇತ್ತು. ಪಕ್ಕದಲ್ಲಿ ಕೇಂದ್ರದ ಪತ್ರ. ಎರಡೂ ಸಂಖ್ಯೆ ಬೇರೆ.

"ಟೈಪ್ ಹೊಡ್ದವ ನೀನು," ಎಂದ.

"ನೀನು ಓದಿದ್ದನ್ನೇ ಹೊಡೆದೆ."

"ಕೊನೆಗೆ ಒಂದ್ಸಲ ನೋಡ್ದ್ಯನಾ?"

"ನೋಡಿದೆ ಅನ್ಸುತ್ತೆ."

"ಅನ್ಸುತ್ತೆ!" ಅವನು ಪ್ರಿಂಟನ್ನು ಮಡಚಿದ. "ನಿಂದು ಹೆಂಗೂ ಹೋಗಿತ್ತು. ಅದಕ್ಕೇ ಗಮನ ಇರ್ಲಿಲ್ಲೇನೋ."

ಅದೇ ಅನುಮಾನ ಬಸ್ಸಿನಲ್ಲಿ ಬರುವಾಗಲೇ ನನಗೆ ಬಂದಿತ್ತು. ತಪ್ಪು ಸಂಖ್ಯೆ ಹೊಡೆದಿರಬಹುದೇ? ಇಲ್ಲ ಎನ್ನುವುದಕ್ಕೆ ನನ್ನ ನೆನಪಿನ ಹೊರತು ಸಾಕ್ಷಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದೇ ಸಾಕ್ಷಿಯಿಲ್ಲದ್ದನ್ನು ನಂಬಬೇಡ ಎಂದು.

ಆದರೆ ಇನ್ನೊಂದು ಸಾಧ್ಯತೆಯೂ ಇತ್ತು. ಸಂಖ್ಯೆ ಸರಿಯಿದ್ದರೆ ಬೇರೊಂದು ಪ್ರಮಾಣಪತ್ರ ಇದ್ದೇ ಇರಬೇಕು. ಅವನ ಜೊತೆ ಹಿಂದೊಮ್ಮೆ ಹೊಸನಗರದ ನಾಡಕಚೇರಿಗೆ ಹೋದ ನೆನಪು ನನಗಿತ್ತು. ಕೌಂಟರಿನಲ್ಲಿದ್ದ ಹೆಂಗಸು "ಕಾಲೇಜಿಗಾ, ಕೆಲಸಕ್ಕಾ?" ಎಂದು ಕೇಳಿದ್ದು, ಇವನು "ಕೆಲಸಕ್ಕೆ" ಎಂದದ್ದು. ಅವನನ್ನು ಕೇಳಿದರೆ, "ಅದು ರೈಲ್ವೆಗೇ ಇರ್ಬೇಕು," ಎಂದ. ಅವನ ಮುಖದಲ್ಲಿ ನಂಬಿಕೆಯ ಸುಳಿವೂ ಇರಲಿಲ್ಲ.

ಇಬ್ಬರೂ ಹೊಸನಗರದ ಬಸ್ ಹತ್ತಿದೆವು. ಒಂದೇ ಸೀಟಿನಲ್ಲಿ ಕೂತರೂ ಅವನು ಕಿಟಕಿಯ ಕಡೆಗೇ ನೋಡುತ್ತಿದ್ದ. ಕೌಂಟರಿನಲ್ಲಿ ಈಗ ಬೇರೆ ಹೆಂಗಸಿದ್ದರು. ಅರ್ಜಿಯಲ್ಲಿದ್ದ ಸಂಖ್ಯೆ ಓದಿದೆವು. ಅವರು ಒತ್ತಿದರು, ಕಾದರು, ಕನ್ನಡಕ ಸರಿಮಾಡಿಕೊಂಡರು.

"ಬಂತು. ನಿಮ್ದೇ ಹೆಸ್ರು. ಎಫ್ ನಮೂನೆ, ಎರಡು-ಎ."

ಗೆಳೆಯ ನನ್ನ ಕಡೆ ತಿರುಗಿದ. ಒಂದು ಕ್ಷಣ ಮಾತ್ರ.

"ಆದ್ರೆ ಇದ್ರ ಐದು ವರ್ಷ ಮುಗ್ದೋಗಿದೆ," ಎಂದರು ಆಕೆ. "ಹೊಸದಕ್ಕೆ ಅರ್ಜಿ ಕೊಡಿ, ಮಾಡ್ಕೊಡೋಣ."

ಅವನ ಭುಜ ಇಳಿಯಿತು. ಆ ಪತ್ರ ಯಾವತ್ತು ಕೊಟ್ಟದ್ದು ಎಂದು ನಾನು ಕೇಳಿದೆ. ಬೆರಳಲ್ಲಿ ಎಣಿಸಿದೆ, ಮತ್ತೆ ಎಣಿಸಿದೆ. ನನ್ನ ಲೆಕ್ಕದ ಮೇಲೂ ನಂಬಿಕೆಯಿಲ್ಲದೆ ಆಕೆಯಿಂದಲೂ ಎಣಿಕೆ ಮಾಡಿಸಿದೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಆ ಪತ್ರಕ್ಕೆ ನಾಲ್ಕು ವರ್ಷ ಎಂಟು ತಿಂಗಳಾಗಿತ್ತು. ಆ ದಿನ ಅದು ಜೀವಂತವಾಗಿತ್ತು.

"ಹೊಸದು ಮಾಡಿಸಿದ್ರೆ ಅದಕ್ಕೆ ಇವತ್ತಿನ ತಾರೀಕು ಬೀಳುತ್ತೆ," ಎಂದೆ. "ಕೊನೆ ದಿನಾಂಕದ ಒಳಗೆ ಪಡೆದದ್ದು, ಅವತ್ತು ಚಾಲ್ತಿ ಇದ್ದದ್ದು ಬೇಕು. ಅಧಿಸೂಚನೆಯಲ್ಲಿ ಹಾಗೇ ಇದೆ. ಹಳೇದೇ ಬೇಕು."

ಆಕೆ ನಿಧಾನವಾಗಿ ತಲೆಯಾಡಿಸಿದರು. "ಹಂಗಿದ್ರೆ ಸರಿ. ಕಂಪ್ಯೂಟರಲ್ಲಿ ಇರೋದು ಒಳ್ಳೇದಾಯ್ತು. ಆದ್ರೆ ಅಲ್ಲಿ ಮೂಲಪತ್ರ ಕೇಳ್ತಾರೆ ನೋಡಿ. ಮೊದ್ಲು ಅದನ್ನ ಹುಡ್ಕಿ. ಸಿಗ್ಲೇ ಇಲ್ಲ ಅಂದ್ರೆ ಬನ್ನಿ, ಸಾಹೇಬ್ರ ಹತ್ರ ಕೇಳೋಣ."

ಹೊರಗೆ ಬಂದಾಗ ಅವನು ಹೇಳಿದ: "ಮನೇಲಿ ಇಲ್ಲ. ಅವ್ವನ ಟ್ರಂಕೂ ಜಾಲಾಡ್ಸಿದೀನಿ. ಹಂಗಾದ್ರೆ ಅರ್ಜಿ ಹಾಕೋ ದಿನ ಸಾಗರಕ್ಕೆ ತಂದಿರ್ಬೇಕು. ವಾಪಸ್ ತಗೊಂಡೋಗಿದ್ದು ನೆನಪಿಲ್ಲ."

"ಸೆಂಟರಲ್ಲಿ ಬಿಟ್ಟಿರಬಹುದು," ಎಂದೆ.

"ಇರಬಹುದು," ಎಂದ. ಆದರೆ ಅವನು ನೋಡುತ್ತಿದ್ದದ್ದು ನನ್ನನ್ನು.

ಸಾಗರದಲ್ಲಿ ಇಳಿದವನು ನೇರವಾಗಿ ಕಂಪ್ಯೂಟರ್ ಸೆಂಟರಿಗೆ ಹೋದೆ. ಅದನ್ನು ನಡೆಸುವ ಅಕ್ಕ ಮರೆತುಹೋದ ಕಾಗದಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಾರೆ. ಅದರಲ್ಲಿ ಯಾರದೋ ಆಧಾರ್, ಯಾರದೋ ಮದುವೆ ಫೋಟೊ, ಎರಡು ಅಂಕಪಟ್ಟಿ. "ನಿಮ್ಮ ದೋಸ್ತಿಂದು ಇಲ್ಲ. ಅವತ್ತು ಕಾಗದ ಎಲ್ಲ ನೀವೇ ಜೋಡ್ಸಿ ಇಟ್ಕೊಂಡ್ರಲ್ಲ ಸರ್," ಎಂದರು. ಒಂದೂವರೆ ವರ್ಷದ ಹಿಂದಿನದು ಇವರಿಗೆ ಹೇಗೆ ನೆನಪಿರುತ್ತದೆ ಎಂದು ಅವರ ಮೇಲೂ ಸಂಶಯಪಟ್ಟೆ.

ಮನೆಗೆ ಬಂದು ನನ್ನ ಫೈಲು ತೆಗೆದೆ. ಆ ಫೈಲನ್ನು ನಾನು ಮುಟ್ಟದೆ ಬಹಳ ಕಾಲವಾಗಿತ್ತು. ನನ್ನ ಪದವಿ ಪತ್ರಗಳು, ಒಂಬತ್ತು ವರ್ಷದ ಅತಿಥಿ ಸೇವೆಯ ಪತ್ರಗಳು, ವಯಸ್ಸು ಮೀರಿದ್ದರಿಂದ ಬಳಸದೆ ಉಳಿದ ಭಾವಚಿತ್ರಗಳು. ಎಲ್ಲಕ್ಕಿಂತ ಕೆಳಗೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ಲಾಸ್ಟಿಕ್ ಚೀಲ. ಅಂಕಪಟ್ಟಿಯ ಹಿಂದೆ, ಅಷ್ಟೇ ಅಂದವಾಗಿ ಸೇರಿಕೊಂಡು, ಗೆಳೆಯನ ನಮೂನೆ-ಎಫ್.

ಅದನ್ನು ಹೊರಗೆಳೆದು ಅಂಕಪಟ್ಟಿಯ ಪಕ್ಕದಲ್ಲಿಟ್ಟೆ. ಜೋಡಿಸುವಾಗ ಕಾಗದ ಬೆರೆತುಹೋಗಿರಬಹುದು. ಎರಡೂ ಒಂದೇ ಅಳತೆ, ಎರಡರಲ್ಲೂ ಮುದ್ರೆ. ಆದರೆ ಆ ದಿನ ನಾನು ಅರ್ಜಿ ಹಾಕಲಿಲ್ಲ. ಹಾಗಿದ್ದರೆ ನನ್ನ ಅಂಕಪಟ್ಟಿಯನ್ನು ಸೆಂಟರಿಗೆ ಯಾಕೆ ಒಯ್ದಿದ್ದೆ? ಒಯ್ದಿರಲಿಲ್ಲ ಎಂದಾದರೆ, ಮನೆಗೆ ಬಂದ ಮೇಲೆ ಯಾರೋ ಈ ಚೀಲ ಬಿಚ್ಚಿ ಆ ಪತ್ರವನ್ನು ಒಳಗಿಟ್ಟಿದ್ದಾರೆ. ಮನೆಯಲ್ಲಿ ಆ ಫೈಲು ಮುಟ್ಟುವವನು ನಾನೊಬ್ಬನೇ.

ಫೋನ್ ಮಾಡಿ ಸಿಕ್ಕಿತು ಎಂದೆ. ಎಲ್ಲಿ ಎಂದು ಅವನು ಕೇಳಲಿಲ್ಲ. "ಸೆಂಟರಿನ ಡಬ್ಬಿಯಲ್ಲಿ" ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಮರುದಿನ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ, ಅಂಗಡಿಯ ಷಟರ್ ಎತ್ತುತ್ತಿದ್ದ ಅವನ ಕೈಗೆ ಪತ್ರ ಕೊಟ್ಟೆ.

"ನನ್ನ ಫೈಲಲ್ಲಿತ್ತು," ಎಂದೆ. "ಅಂಕಪಟ್ಟಿ ಜೊತೆ. ಹೇಗೆ ಬಂತು ಗೊತ್ತಿಲ್ಲ."

ಅವನು ಪತ್ರವನ್ನು ಬೆಳಕಿಗೆ ಹಿಡಿದು ಸಂಖ್ಯೆಯನ್ನು ಅರ್ಜಿಯ ಜೊತೆ ಅಂಕಿ ಅಂಕಿಯಾಗಿ ಹೋಲಿಸಿದ. ಸರಿಯಾಗಿತ್ತು. ಎರಡನೇ ಸಲ ಹೋಲಿಸಿದ.

"ಗೊತ್ತಿಲ್ವಾ?"

"ಗೊತ್ತಿಲ್ಲ."

"ಸರಿ ಬಿಡಾ," ಎಂದ. "ಕಾಫಿ ಕುಡಿಯಣ ಬಾ. ಅತಿಥಿ."

ಬೆಂಗಳೂರಿನಲ್ಲಿ ಮೇಜಿನ ಆಚೆಗಿದ್ದವರು ಅಂಕಪಟ್ಟಿ ನೋಡಿ ಜೂನ್ ಒಂದು ಎಂದು ಗುರುತು ಹಾಕಿಕೊಂಡರಂತೆ, ಪ್ರಮಾಣಪತ್ರ ಕೊಟ್ಟ ದಿನಾಂಕ ನೋಡಿ ಇನ್ನೊಂದು ಗುರುತು ಹಾಕಿದರಂತೆ. ಎರಡು ನಿಮಿಷದ ಕೆಲಸ. ಈಗ ಅವನು ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ನಾವು ಸಿಗುತ್ತೇವೆ, ಹಳೆಯ ಮೇಷ್ಟ್ರನ್ನು ನೆನೆಸಿಕೊಂಡು ನಗುತ್ತೇವೆ. ಆದರೆ ಒಂದನ್ನು ಗಮನಿಸಿದ್ದೇನೆ. ಅವನ ಯಾವ ಕಾಗದವನ್ನೂ ಅವನು ಈಗ ನನ್ನ ಕೈಗೆ ಕೊಡುವುದಿಲ್ಲ. ಮೊನ್ನೆ ಮಗಳನ್ನು ಶಾಲೆಗೆ ಸೇರಿಸಲು ಜನನ ಪ್ರಮಾಣಪತ್ರ ತಂದಿದ್ದ. ದಿನಾಂಕ ಸರಿಯಾಗಿದೆಯಾ ನೋಡು ಎಂದ. ತೋರಿಸಿದ, ಆದರೆ ತುದಿಯನ್ನು ಎರಡು ಬೆರಳಲ್ಲಿ ಹಿಡಿದೇ ಇದ್ದ. ನಾನು ಬಗ್ಗಿ ಓದಿದೆ. ಆಸ್ಪತ್ರೆಯವರು ಬರೆದ ನಿಜವಾದ ದಿನಾಂಕ, ಫೆಬ್ರವರಿಯದು. ಸರಿಯಾಗಿದೆ ಎಂದೆ. ಅವನು ಇನ್ನೊಮ್ಮೆ ತಾನೇ ಓದಿಕೊಂಡು, ಮಡಚಿ, ಜೇಬಿಗೆ ಹಾಕಿಕೊಂಡ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.